ಸಂಜೆ ಆರೂವರೆಗೆ ಕೂತವನಿಗೆ ಯಾವ ಪುಸ್ತಕ?



ಸಮಯ ನಿರ್ವಹಣೆಯ ಪುಸ್ತಕಗಳನ್ನು ಅಳೆಯಲು ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಎಂಜಿನಿಯರಿಂಗ್ ಮೂರನೇ ಸೆಮಿಸ್ಟರಿನ ಹುಡುಗನೊಬ್ಬ ಸಂಜೆ ಬಸ್ಸಿಳಿದು ಮನೆಗೆ ಬರುತ್ತಾನೆ. ಕೈಕಾಲು ತೊಳೆದು, ಕಾಫಿ ಕುಡಿದು, ಆರೂವರೆಗೆ ಮೇಜಿನ ಮುಂದೆ ಕೂರುತ್ತಾನೆ. ಎದುರಿಗೆ ಥರ್ಮೋಡೈನಮಿಕ್ಸ್ ನೋಟ್ಸು, ಪಕ್ಕದಲ್ಲಿ ಮೊಬೈಲು. ಓದಬೇಕೆಂಬ ಮನಸ್ಸೇನೋ ಇದೆ. ಮುಂದಿನ ಒಂದು ಗಂಟೆಗೆ ಪುಸ್ತಕ ಅವನ ಕೈಗೆ ಏನು ಕೊಡುತ್ತದೆ? ಈ ಪ್ರಶ್ನೆಗೆ ಉತ್ತರವಿಲ್ಲದ ಪುಸ್ತಕ ಎಷ್ಟೇ ಒಳ್ಳೆಯದಾಗಿದ್ದರೂ ಅವನ ಮಟ್ಟಿಗೆ ಉಪಯೋಗದ್ದಲ್ಲ.

ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಈ ಬಗೆಯ ಪುಸ್ತಕಗಳು ವಾಪಸು ಬಂದಾಗ ಮೊದಲ ಎರಡು ಅಧ್ಯಾಯಗಳ ಅಂಚು ಬೆರಳಾಡಿ ಕಪ್ಪಾಗಿರುತ್ತದೆ, ಆಮೇಲಿನ ಹಾಳೆಗಳು ಅಂಗಡಿಯಿಂದ ಬಂದ ಹಾಗೇ ಇರುತ್ತವೆ. ಹುಡುಗರಿಗೆ ಓದುವ ತಾಳ್ಮೆಯಿಲ್ಲ ಎಂದು ಇದಕ್ಕೆ ಅವರನ್ನು ಬೈಯುವುದು ಸುಲಭ. ಆದರೆ ಮೊದಲ ಎರಡು ಅಧ್ಯಾಯಗಳಲ್ಲಿ ಸಾಮಾನ್ಯವಾಗಿ ಇರುವುದು ಹುರಿದುಂಬಿಸುವ ಮಾತು. ಮೂರನೆಯದರಿಂದ ಶುರುವಾಗುವುದು ಪಟ್ಟಿ, ಕೋಷ್ಟಕ, ಫೈಲು, ವಾರದ ಪರಿಶೀಲನೆ. ಅಲ್ಲಿಗೆ ಬಂದಾಗ ಹುಡುಗನಿಗೆ ಒಂದು ಅನುಮಾನ ಹುಟ್ಟುತ್ತದೆ: ಇದು ನನಗಾಗಿ ಬರೆದದ್ದಲ್ಲವೇನೋ. ಎಷ್ಟೋ ಸಲ ಆ ಅನುಮಾನ ಸರಿಯಾದದ್ದೇ.

ಡೇವಿಡ್ ಅಲೆನ್ 2001ರಲ್ಲಿ ಬರೆದ 'ಗೆಟಿಂಗ್ ಥಿಂಗ್ಸ್ ಡನ್' ಪುಸ್ತಕವನ್ನೇ ತೆಗೆದುಕೊಳ್ಳಿ. ಈ ಕ್ಷೇತ್ರದಲ್ಲಿ ಬಹಳ ಹೆಸರಾದ ಪುಸ್ತಕ. ಅಲೆನ್ ಕಂಪನಿಗಳ ಅಧಿಕಾರಿಗಳಿಗೆ ಸಲಹೆ ಕೊಡುತ್ತಿದ್ದವರು. ಅಂಥ ಅಧಿಕಾರಿಯ ತಲೆಯಲ್ಲಿ ನೂರಾರು ಚಿಲ್ಲರೆ ಕೆಲಸಗಳು ಒಟ್ಟಿಗೇ ಸುತ್ತುತ್ತಿರುತ್ತವೆ. ಎಲ್ಲವನ್ನೂ ತಲೆಯಿಂದ ಕಾಗದಕ್ಕಿಳಿಸಿ, ವಿಂಗಡಿಸಿ, ವಾರಕ್ಕೊಮ್ಮೆ ಕೂತು ಪರಿಶೀಲಿಸಿದರೆ ಅವನ ಮನಸ್ಸು ಹಗುರಾಗುತ್ತದೆ. ವಿದ್ಯಾರ್ಥಿಯ ಕಷ್ಟ ಇದಲ್ಲ. ಅವನಿಗಿರುವುದು ನೂರು ಕೆಲಸವಲ್ಲ, ಐದಾರು ವಿಷಯಗಳು. ಅವು ಯಾವುವೆಂಬುದು ಅವನಿಗೆ ಮರೆತೂ ಹೋಗಿಲ್ಲ, ನೆನಪಿರುವುದೇ ಅವನ ಸಂಕಟ. ಆದರೂ ಆ ಪುಸ್ತಕದಿಂದ ಒಂದು ಮಾತನ್ನು ಎತ್ತಿಕೊಳ್ಳಬೇಕು. 'ಥರ್ಮೋ ಓದಬೇಕು' ಎಂದು ಬರೆದದ್ದು ಕೆಲಸವಲ್ಲ. ಕೈಯಿಂದ ಮಾಡಿ ಮುಗಿಸಬಹುದಾದ ಮುಂದಿನ ಹೆಜ್ಜೆ ಏನೋ ಅದು ಕೆಲಸ. 'ನಾಜಲ್ ಮೇಲಿನ ಮೂರು ಲೆಕ್ಕ, ಪುಸ್ತಕ ಮುಚ್ಚಿ' ಎಂದು ಬರೆದರೆ ಕೆಲಸವಾಯಿತು. ಇಷ್ಟಕ್ಕಾಗಿ ಇಡೀ ಪುಸ್ತಕ ಕೊಳ್ಳಬೇಕಿಲ್ಲ.

ಸ್ಟೀಫನ್ ಕವಿಯವರ ನಾಲ್ಕು ಚೌಕಗಳು, ಅಂದರೆ ತುರ್ತು ಮತ್ತು ಮುಖ್ಯ ಎಂಬ ವಿಂಗಡಣೆ, ಇಂಟರ್ನಲ್ಸ್ ವಾರದಲ್ಲಿ ಕುಸಿದು ಬೀಳುತ್ತದೆ. ಆ ವಾರ ಎಲ್ಲವೂ ಒಂದೇ ಚೌಕದಲ್ಲಿ ಬಂದು ಕೂತಿರುತ್ತದೆ. ಜೇಮ್ಸ್ ಕ್ಲಿಯರ್ 2018ರಲ್ಲಿ ಬರೆದ 'ಅಟಾಮಿಕ್ ಹ್ಯಾಬಿಟ್ಸ್' ಈಗ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲೂ ಸಿಗುತ್ತದೆ. ಅದರ ಒಳ್ಳೆಯ ಗುಣವೆಂದರೆ ಮನೋಬಲದ ಮಾತನ್ನು ಕಡಿಮೆ ಮಾಡಿ ಕೋಣೆಯ ಮಾತನ್ನು ಹೆಚ್ಚು ಮಾಡಿರುವುದು. ಮೊಬೈಲ್ ಕೈಗೆಟುಕುವಲ್ಲಿದ್ದರೆ ಅದನ್ನು ಮುಟ್ಟದಿರುವುದಕ್ಕೆ ದಿನವಿಡೀ ಹೋರಾಡಬೇಕು. ಅಡುಗೆಮನೆಯ ಶೆಲ್ಫಿನ ಮೇಲಿಟ್ಟು ಬಂದರೆ ಒಂದೇ ಸಲ ನಿರ್ಧರಿಸಿದರೆ ಸಾಕು. ಓದಲು ಕೂರುವ ತನಕ ಈ ಪುಸ್ತಕ ಕೈಹಿಡಿದು ಕರೆತರುತ್ತದೆ. ಕೂತ ಮೇಲೆ ಏನು ಮಾಡಬೇಕೆಂದು ಹೇಳುವುದು ಅದರ ಕೆಲಸವಲ್ಲ.

ಇನ್ನು ಪೊಮೊಡೊರೊ. ಇದನ್ನು ಕೇಳದ ವಿದ್ಯಾರ್ಥಿ ಈಗ ವಿರಳ. ಫ್ರಾನ್ಚೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ, ಓದಿನಲ್ಲಿ ಮನಸ್ಸು ನಿಲ್ಲದೆ, ಅಡುಗೆಮನೆಯಲ್ಲಿ ಬಳಸುವ ಟೊಮ್ಯಾಟೊ ಆಕಾರದ ಟೈಮರ್ ಇಟ್ಟುಕೊಂಡು ಶುರುಮಾಡಿದ ಪದ್ಧತಿ ಇದು. 25 ನಿಮಿಷ ಕೆಲಸ, 5 ನಿಮಿಷ ವಿರಾಮ, ಇಂಥ ನಾಲ್ಕು ಸುತ್ತಾದ ಮೇಲೆ ದೊಡ್ಡ ವಿರಾಮ. ಮೊಬೈಲ್ ಆ್ಯಪುಗಳು ಇಷ್ಟನ್ನು ಮಾತ್ರ ತೆಗೆದುಕೊಂಡವು. ಆದರೆ ಚಿರಿಲ್ಲೊ ಹೇಳಿದ್ದರಲ್ಲಿ ಇನ್ನೊಂದು ಭಾಗವಿದೆ, ಚಂಚಲ ಮನಸ್ಸಿನವರಿಗೆ ನಿಜವಾಗಿ ಬೇಕಾದದ್ದು ಅದು. ಓದುವಾಗ ನಡುವೆ 'ಸ್ಕೋರ್ ಎಷ್ಟಾಯ್ತು ನೋಡೋಣ' ಎಂದು ಮನಸ್ಸು ಎದ್ದರೆ ಏಳಬೇಡಿ, ಹಾಳೆಯಲ್ಲಿ ಒಂದು ಪುಟ್ಟ ಗುರುತು ಹಾಕಿ. ನೋಡಲೇಬೇಕಾದ ವಿಷಯವಾದರೆ ಅದನ್ನು ಕೆಳಗೆ ಬರೆದಿಟ್ಟು ಮುಂದುವರಿಯಿರಿ. ಹೊರಗಿನಿಂದ ಯಾರಾದರೂ ಕರೆದು ಅಡ್ಡಿಯಾದರೆ ಅದಕ್ಕೆ ಬೇರೆ ಗುರುತು. ಸಂಜೆಯ ಕೊನೆಗೆ ಹಾಳೆ ನೋಡಿದರೆ ಅಡ್ಡಿ ಒಳಗಿನದೋ ಹೊರಗಿನದೋ ಎಂದು ಗೊತ್ತಾಗುತ್ತದೆ. ಮನೆಯಲ್ಲಿ ಗಲಾಟೆ, ಓದಲು ಬಿಡುವುದಿಲ್ಲ ಎನ್ನುವ ಹುಡುಗ ಒಂದು ವಾರ ಈ ಗುರುತುಗಳನ್ನು ಪ್ರಾಮಾಣಿಕವಾಗಿ ಹಾಕಿ ನೋಡಲಿ.

ಪೊಮೊಡೊರೊಗೆ ಮಿತಿಯೂ ಇದೆ. ಉದ್ದನೆಯ ಡಿರೈವೇಶನ್ ಅರ್ಧಕ್ಕೆ ಬಂದಾಗ ಗಂಟೆ ಬಾರಿಸಿ ಎಬ್ಬಿಸಿದರೆ ಮತ್ತೆ ಮೊದಲಿನಿಂದ ಹಿಡಿಯಬೇಕಾಗುತ್ತದೆ. ಲೆಕ್ಕದ ವಿಷಯಗಳಿಗೆ 45 ಅಥವಾ 50 ನಿಮಿಷವೇ ಒಳ್ಳೆಯದು. ಇನ್ನು ಆ 5 ನಿಮಿಷದ ವಿರಾಮದಲ್ಲಿ ಮೊಬೈಲ್ ತೆಗೆದರೆ ಅದು 40 ನಿಮಿಷವಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ವಿರಾಮದಲ್ಲಿ ನೀರು ಕುಡಿಯಬಹುದು, ಹಿತ್ತಲಿಗೆ ಹೋಗಿ ಬರಬಹುದು, ಅಮ್ಮನ ಹತ್ತಿರ ಎರಡು ಮಾತಾಡಬಹುದು.

ಇಷ್ಟು ಹೇಳಿ ನಾನು ನಿಜವಾಗಿ ಮಾತಾಡಬೇಕೆಂದಿರುವ ಪುಸ್ತಕಕ್ಕೆ ಬರುತ್ತೇನೆ. ಕ್ಯಾಲ್ ನ್ಯೂಪೋರ್ಟ್ ಬರೆದ 'ಹೌ ಟು ಬಿಕಮ್ ಎ ಸ್ಟ್ರೈಟ್-ಎ ಸ್ಟೂಡೆಂಟ್'. ಈಗ ಅವರು ಹೆಸರಾಗಿರುವುದು 'ಡೀಪ್ ವರ್ಕ್' ಎಂಬ ನಂತರದ ಪುಸ್ತಕದಿಂದ. ಆದರೆ ಇದನ್ನು ಬರೆದಾಗ ಅವರೂ ವಿದ್ಯಾರ್ಥಿಯೇ. ಡಾರ್ಟ್‌ಮತ್ ಕಾಲೇಜಿನಲ್ಲಿ ಪದವಿ ಮುಗಿಸಿ ಎಂ.ಐ.ಟಿ.ಯಲ್ಲಿ ಸಂಶೋಧನೆಗೆ ಸೇರಿದ್ದರು. ಹೆಸರು ಕೇಳಿದರೆ ಬೀದಿಬದಿಯ ಗೈಡ್ ಥರ ಕಾಣುತ್ತದೆ, ಒಳಗೆ ಹಾಗಿಲ್ಲ. ಅವರು ಮಾಡಿದ್ದಿಷ್ಟು: ಚೆನ್ನಾಗಿ ಅಂಕ ತೆಗೆಯುತ್ತಿದ್ದ, ಆದರೆ ಹಗಲು ರಾತ್ರಿ ಪುಸ್ತಕ ಹಿಡಿದು ಕೂರದ ವಿದ್ಯಾರ್ಥಿಗಳನ್ನು ಹುಡುಕಿ, ನೀವು ಮಾಡುವುದೇನು ಎಂದು ಕೇಳಿ ಬರೆದರು.

ಸಮಯ ನಿರ್ವಹಣೆಯ ಪದ್ಧತಿ ಹೇಗಿರಬೇಕೆಂಬುದಕ್ಕೆ ಅವರು ಮೊದಲೇ ಕೆಲವು ಷರತ್ತು ಹಾಕುತ್ತಾರೆ. ಅದಕ್ಕೆ ದಿನಕ್ಕೆ ಐದೋ ಹತ್ತೋ ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಗಂಟೆ ಗಂಟೆಗೂ ಕಟ್ಟಿಹಾಕಬಾರದು. ಮತ್ತು, ನನಗೆ ಬಹಳ ಮೆಚ್ಚುಗೆಯಾದ ಷರತ್ತು ಇದು: ನಾಲ್ಕು ದಿನ ಕೈಬಿಟ್ಟು ಹೋದರೂ ಐದನೆಯ ದಿನ ಸಲೀಸಾಗಿ ಮತ್ತೆ ಶುರುಮಾಡುವಂತಿರಬೇಕು. ಚಂಚಲ ವಿದ್ಯಾರ್ಥಿ ಕೈಬಿಟ್ಟೇ ಬಿಡುತ್ತಾನೆ. ಅಕ್ಕನ ಮದುವೆ, ಊರಹಬ್ಬ, ಜ್ವರ, ಐ.ಪಿ.ಎಲ್. ಫೈನಲ್, ಏನೋ ಒಂದು ಬರುತ್ತದೆ. ಬಣ್ಣಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ ಒಂದು ದಿನ ತಪ್ಪಿತೆಂದರೆ ಸತ್ತಂತೆ, ಆಮೇಲೆ ಅದನ್ನು ನೋಡಿದಾಗಲೆಲ್ಲ ನಾಚಿಕೆ. ನ್ಯೂಪೋರ್ಟ್ ಹೇಳುವುದು ಒಂದು ಕ್ಯಾಲೆಂಡರು, ಜೇಬಲ್ಲಿ ಒಂದು ಚೀಟಿ. ಕೊನೆಯ ದಿನಾಂಕಗಳೆಲ್ಲ ಕ್ಯಾಲೆಂಡರಿನಲ್ಲಿ. ಬೆಳಿಗ್ಗೆ ಅದನ್ನು ನೋಡಿ ಇವತ್ತಿನ ಎರಡು ಮೂರು ಕೆಲಸ ಚೀಟಿಗೆ. ದಿನದ ನಡುವೆ ಹೊಸದೇನಾದರೂ ಬಂದರೆ ಅದೂ ಚೀಟಿಗೆ. ಉಳಿದದ್ದು ಮರುದಿನ ಬೆಳಿಗ್ಗೆ ಮತ್ತೆ ಕ್ಯಾಲೆಂಡರಿಗೆ. ನಾಲ್ಕು ದಿನ ತಪ್ಪಿದರೆ ನಾಲ್ಕು ಚೀಟಿ ಹೋದವು, ಅಷ್ಟೆ.

ಆದರೆ ಇಲ್ಲಿ ಒಂದು ತೊಡಕಿದೆ, ನಮ್ಮ ಹುಡುಗರು ಅದನ್ನು ಮೊದಲೇ ತಿಳಿದಿರಬೇಕು. ಅಮೆರಿಕದ ಕಾಲೇಜು ವಿದ್ಯಾರ್ಥಿ ವಾರಕ್ಕೆ ಸುಮಾರು 15 ಗಂಟೆ ಕ್ಲಾಸಿನಲ್ಲಿರುತ್ತಾನೆ. ಉಳಿದದ್ದೆಲ್ಲ ತಾನೇ ಓದಬೇಕಾದ ಹೊತ್ತು, ಅದೂ ಬಹಳ ಸಲ ಕ್ಯಾಂಪಸ್ಸಿನೊಳಗೇ ವಾಸ. ಆದ್ದರಿಂದಲೇ ಆ ಪುಸ್ತಕ, ಒಂದು ಕ್ಲಾಸಿಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಲೈಬ್ರರಿಯ ಮೂಲೆಯೊಂದನ್ನು ಹಿಡಿದು ಓದಿ ಮುಗಿಸಿ ಎನ್ನುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂಬತ್ತರಿಂದ ನಾಲ್ಕೂವರೆಯವರೆಗೆ ಕ್ಲಾಸು ಅಥವಾ ಲ್ಯಾಬು, ನಡುವೆ ಊಟ. ಬಿಡುವೇ ಇಲ್ಲ. ಆ ಸಲಹೆಯನ್ನು ಇದ್ದ ಹಾಗೇ ಪಾಲಿಸಲು ಹೋದವನು ಸೋತು, ತಪ್ಪು ತನ್ನದೇ ಎಂದುಕೊಳ್ಳುತ್ತಾನೆ.

ಹಾಗಾದರೆ ನಮ್ಮ ಹುಡುಗನ ಹತ್ತಿರ ನಿಜವಾಗಿ ಎಷ್ಟು ಹೊತ್ತಿದೆ? ಇದನ್ನು ಕಂಡುಹಿಡಿಯಲು ಇನ್ನೊಂದು ಪುಸ್ತಕದ ಸಹಾಯ ಬೇಕು. ನೀಲ್ ಫಿಯೊರೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ 'ದ ನೌ ಹ್ಯಾಬಿಟ್'. ಅವರು ಟೈಮ್‌ಟೇಬಲನ್ನು ತಲೆಕೆಳಗು ಮಾಡುತ್ತಾರೆ. ಓದುವ ಹೊತ್ತನ್ನು ಮೊದಲೇ ಬರೆಯಬೇಡಿ. ನಿದ್ದೆ, ಊಟ, ಕ್ಲಾಸು, ಪ್ರಯಾಣ, ಆಟ ಇವನ್ನು ಬರೆಯಿರಿ. ಉಳಿದ ಜಾಗ ಖಾಲಿ ಬಿಡಿ. ಅರ್ಧ ಗಂಟೆ ಎಡೆಬಿಡದೆ ಓದಿದ ಮೇಲೆ ಮಾತ್ರ ಅದನ್ನು ಆ ಖಾಲಿ ಜಾಗದಲ್ಲಿ ಬರೆದುಕೊಳ್ಳಿ. ಅಂದರೆ ಹಾಳೆಯಲ್ಲಿ ಕಾಣುವುದು ನೀವು ಕೊಟ್ಟ ಮಾತಲ್ಲ, ನಿಮ್ಮ ಸಂಪಾದನೆ.

ಗುಬ್ಬಿಯಲ್ಲಿ ಮನೆ, ತುಮಕೂರಿನಲ್ಲಿ ಕಾಲೇಜು ಇರುವ ಹುಡುಗನೊಬ್ಬನನ್ನು ಊಹಿಸಿಕೊಂಡು ಹಾಳೆ ತುಂಬಿಸೋಣ. ಬಸ್ಸಿಗೆ ಕಾಯುವುದು, ಬಸ್ಸು, ನಡಿಗೆ ಸೇರಿ ಒಂದೊಂದು ಕಡೆಗೂ ಒಂದು ಗಂಟೆ. ಐದೂವರೆಗೆ ಮನೆ. ರಾತ್ರಿ ಹತ್ತೂವರೆಗೆ ಮಲಗುತ್ತಾನೆ ಎನ್ನೋಣ. ನಡುವೆ ಐದು ಗಂಟೆ. ಇದರಲ್ಲಿ ಕಾಫಿ, ಊಟ, ಮನೆಯವರ ಜೊತೆ ಟಿ.ವಿ., ಅಂಗಡಿಗೆ ಹೋಗಿಬರುವುದು, ಒಂದಿಷ್ಟು ಗೆಳೆಯರು. ಆಮೇಲೆ ಲ್ಯಾಬ್ ರೆಕಾರ್ಡ್, ಯಾವ ಅಮೆರಿಕನ್ ಪುಸ್ತಕಕ್ಕೂ ಗೊತ್ತಿಲ್ಲದ ವಸ್ತು ಅದು. ಬೇರೊಬ್ಬರ ರೆಕಾರ್ಡ್ ನೋಡಿ ಅಂದವಾಗಿ ಬರೆದು, ಸ್ಕೇಲಿನಲ್ಲಿ ಗೆರೆ ಎಳೆದು ಮುಗಿಸುವ ಹೊತ್ತಿಗೆ ಒಂದೂವರೆ ಗಂಟೆ ಹೋಗಿರುತ್ತದೆ; ಓದಿದೆ ಎಂಬ ತೃಪ್ತಿ ಬೇರೆ. ನ್ಯೂಪೋರ್ಟ್ ಇಂಥದ್ದನ್ನು ಹುಸಿ ಕೆಲಸ ಎನ್ನುತ್ತಾರೆ. ಬರೆಯದೆ ಬಿಡುವಂತಿಲ್ಲ, ಆದ್ದರಿಂದ ಅದನ್ನು ಟಿ.ವಿ. ಮುಂದೆ ಕೂತು ಬರೆಯಬೇಕು, ಓದಿನ ಹೊತ್ತಿನಲ್ಲಿ ಅಲ್ಲ. ಎಲ್ಲ ಕಳೆದರೆ ವಾರದ ದಿನಗಳಲ್ಲಿ ತಲೆ ಚುರುಕಾಗಿರುವ ಹೊತ್ತು ಒಂದೂವರೆ ಗಂಟೆ. ಭಾನುವಾರ ಮೂರು ಗಂಟೆ. ಶನಿವಾರದ ಲೆಕ್ಕ ಬೇಡ, ಅದು ತಪ್ಪಿದ್ದನ್ನು ತುಂಬಿಕೊಳ್ಳಲು ಇರಲಿ. ಒಟ್ಟು ಹತ್ತೂವರೆ ಗಂಟೆ. ದಿನಕ್ಕೆ ಆರು ಗಂಟೆ ಓದುತ್ತೇನೆಂದು ಸಂಕಲ್ಪ ಮಾಡುವ ಹುಡುಗನಿಗೆ ಈ ಸಂಖ್ಯೆ ನಿರಾಸೆ ತರಬಹುದು. ಆದರೆ ಆರು ಗಂಟೆ ಅವನ ಹತ್ತಿರ ಯಾವತ್ತೂ ಇರಲಿಲ್ಲ.

ಹೊತ್ತು ಇಷ್ಟೇ ಎಂದ ಮೇಲೆ ಸಮಯ ನಿರ್ವಹಣೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದದ್ದು, ಆ ಒಂದೂವರೆ ಗಂಟೆಯೊಳಗೆ ಏನು ಮಾಡುತ್ತಾನೆ ಎಂಬುದು. ಪುಸ್ತಕದಂಗಡಿಯಲ್ಲಿ ಸಮಯದ ಪುಸ್ತಕಗಳೂ ಓದಿನ ಪುಸ್ತಕಗಳೂ ಒಂದೇ ಕಪಾಟಿನಲ್ಲಿರುತ್ತವೆ, ಆದರೆ ಅವು ಬೇರೆ ಬೇರೆ ಜಾತಿ. ಮನಸ್ಸು ನಿಲ್ಲುವುದಿಲ್ಲ ಎನ್ನುವವನು ಮೊದಲ ಜಾತಿಯದನ್ನು ಕೊಳ್ಳುತ್ತಾನೆ. ಅವನಿಗೆ ಬೇಕಾಗಿರುವುದು ಬಹುಪಾಲು ಎರಡನೆಯದು. ಏಕೆಂದರೆ ನೋಟ್ಸಿನ ಮೇಲೆ ಕಣ್ಣಾಡಿಸುವ ಕೆಲಸ ಮನಸ್ಸಿನಿಂದ ಏನನ್ನೂ ಕೇಳುವುದಿಲ್ಲ. ಕಣ್ಣು ಸಾಲಿನ ಮೇಲಿರುತ್ತದೆ, ಮನಸ್ಸು ಅಡುಗೆಮನೆಯಲ್ಲಿಟ್ಟ ಮೊಬೈಲಿನ ಹತ್ತಿರ ಹೋಗಿರುತ್ತದೆ, ಓದು ನಿಂತುಹೋದದ್ದು ಗೊತ್ತೇ ಆಗುವುದಿಲ್ಲ. ಉತ್ತರ ಹೇಳಬೇಕಾದ ಪ್ರಶ್ನೆ ಎದುರಿಗಿದ್ದರೆ ಮನಸ್ಸು ಎದ್ದುಹೋದ ಕ್ಷಣವೇ ಉತ್ತರ ನಿಲ್ಲುತ್ತದೆ, ಆಗ ಗೊತ್ತಾಗುತ್ತದೆ.

ನ್ಯೂಪೋರ್ಟ್ ಹೇಳುವ ಪದ್ಧತಿಯ ಹೂರಣ ಇಷ್ಟೆ: ನೋಟ್ಸನ್ನು ಪ್ರಶ್ನೆಗಳನ್ನಾಗಿ ಮಾಡಿ, ನೋಟ್ಸ್ ಮುಚ್ಚಿ, ಪ್ರತಿ ಪ್ರಶ್ನೆಗೂ ಕ್ಲಾಸಿನಲ್ಲಿ ಪಾಠ ಹೇಳುವವರಂತೆ ಪೂರ್ತಿ ವಾಕ್ಯಗಳಲ್ಲಿ, ಗಟ್ಟಿಯಾಗಿ ಉತ್ತರ ಹೇಳಿ, ಬಂದದ್ದಕ್ಕೆ ಗುರುತು ಹಾಕಿ, ಮುಂದಿನ ಸುತ್ತಿನಲ್ಲಿ ಬಾರದವು ಮಾತ್ರ. ಇದು ಅವರು ಹುಟ್ಟಿಸಿದ್ದೇನೂ ಅಲ್ಲ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಬಿನ್ಸನ್ 1946ರ ತಮ್ಮ 'ಎಫೆಕ್ಟಿವ್ ಸ್ಟಡಿ'ಯಲ್ಲೇ ಪ್ರಶ್ನೆ ಹಾಕಿಕೊಂಡು ಓದಿ, ನೋಡದೆ ಹೇಳಿ ಎಂದಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ನೋಟ್ಸಿನ ಎಡಗಡೆ ಅಗಲವಾದ ಅಂಚು ಬಿಟ್ಟು, ಪ್ರಶ್ನೆಗಳನ್ನು ಅಲ್ಲಿ ಬರೆಯಿರಿ ಎಂದರು. ನ್ಯೂಪೋರ್ಟ್ ಇದನ್ನು ಹೊಸ ಕಾಲದ ಹುಡುಗನ ಸಂಜೆಗೆ ಹೊಂದಿಸಿದರು.

ಈಗ ಗುಬ್ಬಿಯ ಹುಡುಗನ ಮಂಗಳವಾರ ಸಂಜೆ. ಬೆಳಿಗ್ಗೆ ಥರ್ಮೋಡೈನಮಿಕ್ಸ್ ಕ್ಲಾಸಿನಲ್ಲಿ ಸ್ಥಿರ ಹರಿವಿನ ಶಕ್ತಿ ಸಮೀಕರಣ ಆಯಿತು. ಅನಿಲವೋ ಹಬೆಯೋ ಒಂದು ಯಂತ್ರಭಾಗದೊಳಗೆ ಒಂದೇ ಸಮ ಹರಿದು ಹೋಗುವಾಗ ಒಳಬಂದ ಶಕ್ತಿ, ಹೊರಹೋದ ಶಕ್ತಿ ಇವೆರಡರ ಲೆಕ್ಕ ಅದು. ಬಸ್ಸಿನಲ್ಲಿ ಸೀಟು ಸಿಕ್ಕಿದ್ದರಿಂದ ನೋಟ್ಸಿನ ಅಂಚಿನಲ್ಲಿ ಏಳೆಂಟು ಪ್ರಶ್ನೆ ಬರೆದುಕೊಂಡಿದ್ದಾನೆ. ಅದರಲ್ಲೊಂದು: ಥ್ರಾಟ್ಲಿಂಗ್‌ನಲ್ಲಿ ಎಂಥಾಲ್ಪಿ ಯಾಕೆ ಬದಲಾಗುವುದಿಲ್ಲ? ಆರೂವರೆಗೆ ಕೂತು ಪುಸ್ತಕ ಮುಚ್ಚಿ ಹೇಳಬೇಕು. ಶಾಖ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ಕವಾಟದಲ್ಲಿ ತಿರುಗುವ ಶಾಫ್ಟ್ ಇಲ್ಲ, ಆದ್ದರಿಂದ ಕೆಲಸವೂ ಇಲ್ಲ. ವೇಗ ಮತ್ತು ಎತ್ತರದ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಸಮೀಕರಣದಲ್ಲಿ ಉಳಿಯುವುದು ಎರಡು ಎಂಥಾಲ್ಪಿಗಳು ಮಾತ್ರ, ಅವು ಸಮ. 'ಅದು ಐಸೆಂಥಾಲ್ಪಿಕ್ ಪ್ರೊಸೆಸ್ ಆದ್ದರಿಂದ' ಎಂದು ಅವನು ಹೇಳಿದರೆ ಉತ್ತರವಾಗಲಿಲ್ಲ, ಪ್ರಶ್ನೆಯನ್ನೇ ಇನ್ನೊಂದು ಹೆಸರಿನಿಂದ ಕರೆದಂತಾಯಿತು. ತಪ್ಪು ಗುರುತು ಹಾಕಬೇಕು.

ಇದನ್ನು ಕನ್ನಡದಲ್ಲಿ ಹೇಳಿಕೊಳ್ಳಬಹುದೇ? ಖಂಡಿತ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಲು ಹೋದರೆ ಕಂಠಪಾಠದ ವಾಕ್ಯವೇ ಬಾಯಿಗೆ ಬರುತ್ತದೆ, ಅದರ ಹಿಂದೆ ತಿಳಿವಳಿಕೆ ಇದೆಯೋ ಇಲ್ಲವೋ ಅವನಿಗೇ ಗೊತ್ತಾಗುವುದಿಲ್ಲ. ಮೊದಲು ಮನೆಮಾತಿನಲ್ಲಿ ತಮ್ಮನಿಗೋ ತಂಗಿಗೋ ವಿವರಿಸುವಂತೆ ಹೇಳಲಿ. ಅದು ಸರಾಗವಾಗಿ ಬಂದ ಮೇಲೆ ಪರೀಕ್ಷೆಯ ಇಂಗ್ಲಿಷಿನಲ್ಲಿ ಒಂದು ಸಲ ಬರೆಯಲಿ.

ಲೆಕ್ಕಕ್ಕೆ ಬಂದಾಗ ಈ ಪದ್ಧತಿಯ ಬೆಲೆ ಇನ್ನೂ ಚೆನ್ನಾಗಿ ಕಾಣುತ್ತದೆ. ಲೆಕ್ಕ ಹೀಗಿದೆ: ನಾಜಲ್‌ನೊಳಗೆ ಹಬೆ ಬಹಳ ನಿಧಾನವಾಗಿ ಬರುತ್ತದೆ, ಒಂದು ಕಿಲೊಗ್ರಾಮಿಗೆ 200 ಕಿಲೊಜೂಲ್ ಎಂಥಾಲ್ಪಿ ಕಡಿಮೆಯಾಗಿ ಹೊರಬೀಳುತ್ತದೆ, ಹೊರಬೀಳುವ ವೇಗ ಎಷ್ಟು? ಬಿಡಿಸಿಟ್ಟ ಉತ್ತರವನ್ನು ಓದುವ ಹುಡುಗ ಒಂದೊಂದು ಸಾಲಿಗೂ ತಲೆಯಾಡಿಸುತ್ತಾನೆ. ಎಂಥಾಲ್ಪಿಯ ಇಳಿತವನ್ನು ಎರಡರಿಂದ ಗುಣಿಸಿ ವರ್ಗಮೂಲ ತೆಗೆಯಬೇಕು, ಸರಿ, ಗೊತ್ತು. ಪುಸ್ತಕ ಮುಚ್ಚಿ ಅವನೇ ಮಾಡಿದಾಗ 200ರ ಎರಡರಷ್ಟು 400, ವರ್ಗಮೂಲ 20, ಸೆಕೆಂಡಿಗೆ 20 ಮೀಟರ್ ಎಂದು ಗೆರೆ ಎಳೆಯುತ್ತಾನೆ. ಗಂಟೆಗೆ ಅದು 72 ಕಿಲೊಮೀಟರ್, ತುಮಕೂರು ರಸ್ತೆಯಲ್ಲಿ ಅವನ ಬಸ್ಸು ಓಡುವ ವೇಗ. ನಾಜಲ್‌ನಿಂದ ನುಗ್ಗುವ ಹಬೆ ಬಸ್ಸಿನಷ್ಟೇ ನಿಧಾನ ಹೋಗುವುದುಂಟೆ? ಕಿಲೊಜೂಲನ್ನು ಜೂಲಿಗೆ ಇಳಿಸಲು ಮರೆತಿದ್ದಾನೆ. ಇಳಿಸಿದರೆ ಎರಡು ಲಕ್ಷದ ಎರಡರಷ್ಟು, ಅಂದರೆ ನಾಲ್ಕು ಲಕ್ಷ. ಅದರ ವರ್ಗಮೂಲ ಸುಮಾರು 632. ಸೆಕೆಂಡಿಗೆ 632 ಮೀಟರ್. ಬಿಡಿಸಿಟ್ಟ ಲೆಕ್ಕವನ್ನು ಹತ್ತು ಸಲ ಓದಿದ್ದರೂ ಈ ಸಾವಿರದ ಗುಣಕ ತನ್ನ ಕೈಯಿಂದ ಜಾರುತ್ತದೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಓದುವಾಗ ಅದು ಅಚ್ಚಾಗಿಯೇ ಇರುತ್ತದಲ್ಲ! ಈ ಲೆಕ್ಕಕ್ಕೂ ತಪ್ಪು ಗುರುತು. ಗುರುವಾರ ಸಂಜೆ ತಪ್ಪು ಗುರುತಿನವು ಮಾತ್ರ, ಹದಿನೈದು ನಿಮಿಷದ ಕೆಲಸ. ಭಾನುವಾರ ಇನ್ನೊಮ್ಮೆ, ವಾರದ ಉಳಿದ ವಿಷಯಗಳ ತಪ್ಪು ಗುರುತಿನವುಗಳ ಜೊತೆ.

ಹೀಗೆ ಬಿಟ್ಟು ಬಿಟ್ಟು, ನೋಡದೆ ಹೇಳಿಕೊಳ್ಳುವುದಕ್ಕೆ ಆಧಾರವೇನು ಎಂದು ಕೇಳುವವರು 2014ರಲ್ಲಿ ಬಂದ 'ಮೇಕ್ ಇಟ್ ಸ್ಟಿಕ್' ಓದಬಹುದು. ಅದನ್ನು ಬರೆದ ಮೂವರಲ್ಲಿ ಒಬ್ಬರಾದ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕಿ ಜೊತೆ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಗದ್ಯಭಾಗಗಳನ್ನು ಕೊಟ್ಟರು. ಒಂದು ಕ್ರಮದಲ್ಲಿ ಓದಿ ಮತ್ತೆ ಓದುವುದು. ಇನ್ನೊಂದರಲ್ಲಿ ಒಮ್ಮೆ ಓದಿ, ನೋಡದೆ ನೆನಪಿದ್ದದ್ದನ್ನು ಬರೆಯುವುದು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮುಂದು: ಅದರಲ್ಲಿ ನೂರಕ್ಕೆ 81, ಇನ್ನೊಂದರಲ್ಲಿ 75. ವಾರದ ನಂತರ ಲೆಕ್ಕ ತಿರುಗುಮುರುಗು: ಎರಡು ಸಲ ಓದಿದ್ದರಲ್ಲಿ 42 ಉಳಿದಿತ್ತು, ನೋಡದೆ ಬರೆದದ್ದರಲ್ಲಿ 56.

ಈ ಮೊದಲ ಜೋಡಿ ಸಂಖ್ಯೆಗಳನ್ನು ಉಪದೇಶ ಮಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ, ಯಾಕೆಂದರೆ ನಮ್ಮ ಹುಡುಗರ ನಡವಳಿಕೆ ಅದರಲ್ಲಿದೆ. ಹಿಂದಿನ ರಾತ್ರಿ ಸೀನಿಯರ್ ಕೊಟ್ಟ ಜೆರಾಕ್ಸ್ ನೋಟ್ಸನ್ನು ಎರಡು ಮೂರು ಸಲ ಓದಿ, ಬೆಳಿಗ್ಗೆ ಇಂಟರ್ನಲ್ಸ್ ಬರೆದು ಪಾಸಾಗುವವನು ಪೆದ್ದನಲ್ಲ. ಅಷ್ಟು ಕಡಿಮೆ ಅಂತರಕ್ಕೆ ಮತ್ತೆ ಮತ್ತೆ ಓದುವುದೂ ಕೆಲಸ ಮಾಡುತ್ತದೆ, ಪ್ರತಿ ಇಂಟರ್ನಲ್ಸ್‌ನಲ್ಲೂ ಅವನಿಗೆ ಅದು ದೃಢವಾಗುತ್ತದೆ. ಹಾಗಾಗಿ ಯಾವ ಪುಸ್ತಕ ಹೇಳಿದರೂ ನಂಬುವುದಿಲ್ಲ. ಪೆಟ್ಟು ಬೀಳುವುದು ಸೆಮಿಸ್ಟರ್ ಕೊನೆಯಲ್ಲಿ, ಐದು ಮಾಡ್ಯೂಲ್ ಒಟ್ಟಿಗೇ ಬಂದಾಗ. ಇನ್ನೂ ದೊಡ್ಡ ಪೆಟ್ಟು ಮುಂದಿನ ವರ್ಷ, ಉಷ್ಣ ವರ್ಗಾವಣೆಯ ಪಾಠದಲ್ಲಿ ಉಪನ್ಯಾಸಕರು ಎಂಥಾಲ್ಪಿ ನಿಮಗೆ ಗೊತ್ತೇ ಇದೆಯಲ್ಲ ಎಂದು ಮುಂದೆ ಹೋದಾಗ. ಮುಂದೆ ಯಾವುದೂ ಅವಲಂಬಿಸದ, ಈ ಸೆಮಿಸ್ಟರಿಗೇ ಮುಗಿಯುವ ಪೇಪರಿಗೆ ಹಿಂದಿನ ರಾತ್ರಿಯ ಓದು ಸಾಕೆಂದರೆ ನಾನು ಜಗಳಕ್ಕೆ ಬರುವುದಿಲ್ಲ. ಇರುವುದು ಹತ್ತೂವರೆ ಗಂಟೆ, ಅದನ್ನು ಬೇಕಾದ ಕಡೆ ಸುರಿಯಬೇಕು.

ಹಳೆಯ ಪ್ರಶ್ನೆಪತ್ರಿಕೆಗಳಿಗೂ ನೋಡದೆ ಹೇಳಿಕೊಳ್ಳುವ ಮಾತೇ ಅನ್ವಯ. ಅವು ಸಿದ್ಧವಾಗಿ ಸಿಗುವ ಪ್ರಶ್ನೆಪಟ್ಟಿ, ಆ ಅಮೆರಿಕದ ವಿದ್ಯಾರ್ಥಿಗಳಿಗಿಂತ ನಮ್ಮವರಿಗೆ ಸಲೀಸಾಗಿ ಸಿಗುತ್ತವೆ. ಆದರೆ ಹುಡುಗರು ಅದನ್ನು ಉತ್ತರದ ಜೊತೆ ಓದುತ್ತಾರೆ. ಉತ್ತರವಿಲ್ಲದೆ ಎದುರಿಗಿಟ್ಟುಕೊಂಡರೆ ಅದೇ ಕಾಗದ ಬೇರೆ ವಸ್ತು.

ಈ ಪದ್ಧತಿ ಕೈಕೊಡುವ ಜಾಗವನ್ನೂ ಹೇಳಿಬಿಡಬೇಕು. ಪಾಠವೇ ಅರ್ಥವಾಗಿಲ್ಲದಿದ್ದರೆ ನೋಡದೆ ಹೇಳಿಕೊಳ್ಳುವುದರಿಂದ ಪ್ರಯೋಜನವಿಲ್ಲ, ಬರೀ ತಪ್ಪು ಗುರುತುಗಳ ಸಾಲು ನಿಲ್ಲುತ್ತದೆ. ಅದನ್ನು ಗುರುತಿಸುವುದು ಸುಲಭ: ಮೂರನೆಯ ಸುತ್ತಿನಲ್ಲೂ ಅದೇ ಪ್ರಶ್ನೆ ಬಾರದಿದ್ದರೆ ಕೊರತೆ ನೆನಪಿನದಲ್ಲ. ಆ ಪ್ರಶ್ನೆಯನ್ನು ಚೀಟಿಗೆ ಬರೆದು ಮರುದಿನ ಕ್ಲಾಸ್ ಮುಗಿದ ಮೇಲೆ ಮೇಷ್ಟರ ಹಿಂದೆ ಹೋಗಬೇಕು. 'ಸರ್, ಥರ್ಮೋ ಅರ್ಥ ಆಗ್ತಿಲ್ಲ' ಎಂದರೆ ಯಾರಿಗೂ ಉತ್ತರ ಹೇಳಲು ಆಗುವುದಿಲ್ಲ. 'ಸರ್, ಥ್ರಾಟ್ಲಿಂಗ್‌ನಲ್ಲಿ ಕೆಲಸ ಯಾಕೆ ಸೊನ್ನೆ?' ಎಂದರೆ ಕಾರಿಡಾರಿನಲ್ಲಿ ನಿಂತೇ ಹೇಳಬಹುದು. ಹಾಗೆಯೇ, ಮೊಬೈಲ್ ದೂರವಿದ್ದು, ಪ್ರಶ್ನೆ ಎದುರಿಗಿದ್ದು, ನಿದ್ದೆ ಸರಿಯಾಗಿದ್ದೂ ಹತ್ತು ನಿಮಿಷ ಕೂರಲಾಗದ ಹುಡುಗರಿದ್ದಾರೆ, ಚಿಕ್ಕಂದಿನಿಂದಲೂ ಹಾಗೇ ಇದ್ದವರು. ಅವರಿಗೆ ಪುಸ್ತಕ ಕೊಡಿಸುವ ಬದಲು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುವುದು ಸರಿ.

ಕನ್ನಡದಲ್ಲಿ ಇಂಥ ಪುಸ್ತಕ ಯಾವುದಿದೆ ಎಂದು ತಂದೆತಾಯಿಗಳು ಕೇಳುವುದುಂಟು. ಬಹಳ ಮನೆಗಳಲ್ಲಿ ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಇರುತ್ತದೆ. ಕುಗ್ಗಿದವನನ್ನು ಎತ್ತಿ ನಿಲ್ಲಿಸುವ ಪುಸ್ತಕ ಅದು, ಅದರ ಕೆಲಸ ಬೇರೆ. ಮಂಗಳವಾರ ಸಂಜೆ ಆರೂವರೆಯ ಪ್ರಶ್ನೆಗೆ ಅದರಲ್ಲಿ ಉತ್ತರ ಹುಡುಕಿದರೆ ಅದಕ್ಕೂ ಅನ್ಯಾಯ, ಹುಡುಗನಿಗೂ ಅನ್ಯಾಯ. ಗಟ್ಟಿಯಾಗಿ ಹೇಳಿಕೊಳ್ಳುವ ಓದನ್ನು ಅಚ್ಚುಕಟ್ಟಾಗಿ, ನಮ್ಮ ಸೆಮಿಸ್ಟರ್, ನಮ್ಮ ಬಸ್ಸು, ನಮ್ಮ ರೆಕಾರ್ಡ್ ಎಲ್ಲವನ್ನೂ ಗಣನೆಗೆ ತೆಗೆದುಕೊಂಡು ಯಾರಾದರೂ ಕನ್ನಡದಲ್ಲಿ ನೂರು ಪುಟದಲ್ಲಿ ಬರೆದರೆ ಅದನ್ನು ಮೊದಲು ಕೊಳ್ಳುವವನು ನಾನು.

ಅಲ್ಲಿಯವರೆಗೆ ನ್ಯೂಪೋರ್ಟ್ ಪುಸ್ತಕವನ್ನು ಲೈಬ್ರರಿಯಿಂದ ತನ್ನಿ. ಅದರಲ್ಲಿ ಮೂರು ಭಾಗಗಳಿವೆ. ಮೂರನೆಯದು ಪ್ರಬಂಧ ಬರೆಯುವುದರ ಬಗ್ಗೆ. ನಮ್ಮ ಪರೀಕ್ಷೆಗಳಿಗೆ ಅದು ಬೇಕಿಲ್ಲ, ಬಿಡಿ. ಮೊದಲೆರಡನ್ನು ಸೆಮಿಸ್ಟರ್ ಶುರುವಾಗುವ ಮೊದಲಿನ ರಜೆಯಲ್ಲಿ ಓದಿ ಮುಗಿಸಿ. ಫಿಯೊರೆ ಪುಸ್ತಕದಲ್ಲಿ ಆ ತಲೆಕೆಳಗಾದ ಟೈಮ್‌ಟೇಬಲಿನ ಅಧ್ಯಾಯವೊಂದು ಸಾಕು. ಇಂಟರ್ನಲ್ಸ್ ಹತ್ತಿರ ಬಂದಾಗ ಮಾತ್ರ ಇವುಗಳಲ್ಲಿ ಯಾವುದನ್ನೂ ತೆರೆಯಬೇಡಿ. ಓದುವುದು ಹೇಗೆಂದು ಓದುತ್ತಾ ಕೂರುವುದು, ಓದದಿರಲು ಇರುವ ದಾರಿಗಳಲ್ಲೇ ಅತಿ ಗೌರವಸ್ಥವಾದದ್ದು.